ಕೈ ಮೇಲೆ ನೆಟ್ ದುಪಟ್ಟಾ

"ಅಕ್ಕಾ, ಕೈ ಚೆನ್ನಾಗೇ ಬಿಡಿಸಿರ್ತೀನಿ. ಅದರ ಮೇಲೆ ನೆಟ್ ದುಪಟ್ಟಾನೋ ಶಿಫಾನ್ ಸೆರಗೋ ಹಾಕೋಕೆ ಹೋದ್ರೆ ಕೈಯೇ ಕೆಟ್ಟುಹೋಗುತ್ತೆ. ಕೈ ಹಾಗೇ ಇಟ್ಟು ಬಟ್ಟೆ ಮಾತ್ರ ತೆಳ್ಳಗೆ ಕಾಣೋ ಹಾಗೆ ಹೇಗೆ ಮಾಡ್ತೀರಾ?"

ಕೈಯನ್ನು ಮುಟ್ಟಲೇಬೇಡಿ, ಅಷ್ಟೇ. ತೆಳು ಬಟ್ಟೆ ಬಿಡಿಸುವಾಗ ನಾವು ಮಾಡುವ ದೊಡ್ಡ ತಪ್ಪು ಅದೇ. ಬಟ್ಟೆಯ ಕೆಳಗಿನ ಚರ್ಮ ಹೇಗೆ ಕಾಣಬಹುದು ಅಂತ ಊಹಿಸಿಕೊಂಡು, ಆ ಬಣ್ಣವನ್ನು ಕೈಯ ಲೇಯರ್ ಮೇಲೇ ಬಳಿದುಬಿಡುತ್ತೇವೆ. ಆಮೇಲೆ ದುಪಟ್ಟಾ ಒಂದಿಷ್ಟು ಜರುಗಿಸಬೇಕು ಅಂದರೆ ಕೈ ಮತ್ತೆ ಮೊದಲಿಂದ ಬಿಡಿಸಬೇಕು.

ನಾನು ಕೆಲಸ ಮಾಡುವುದು ಕಂಪ್ಯೂಟರಲ್ಲಿ ಚಿತ್ರ ಬಿಡಿಸುವ ಕ್ರಿಟಾದಲ್ಲಿ, ಹಾಗಾಗಿ ಅದರ ಮಾತಲ್ಲೇ ಹೇಳುತ್ತೇನೆ. ಬೇರೆ ಸಾಫ್ಟ್‌ವೇರ್‌ನಲ್ಲೂ ಲೆಕ್ಕ ಇದೇ.

ಮೊದಲು ಒಂದು ಹಳೇ ಕಥೆ. ಮದುವೆಯ ಚಿತ್ರ ಒಂದನ್ನು ಮಾಡಿಕೊಡುತ್ತಿದ್ದೆ. ಹುಡುಗಿಯದು ಗೋಧಿಗಿಂತ ಸ್ವಲ್ಪ ಗಾಢ ಮೈಬಣ್ಣ, ಕೈತುಂಬ ಹಸಿರು ಗಾಜಿನ ಬಳೆ, ಮೊಣಕೈ ಮೇಲಿಂದ ಇಳಿದುಬಂದ ತಿಳಿ ಗುಲಾಬಿ ನೆಟ್ ದುಪಟ್ಟಾ. ತೆಳ್ಳಗಿನದು ಅಂದರೆ ಬಟ್ಟೆಯ ಲೇಯರ್ ಕೆಳಗಿನದರ ಜೊತೆ ಬೆರೆಯಲು Multiply ಮೋಡ್ ಹಾಕಬೇಕು ಅಂತ ಎಲ್ಲೋ ಓದಿದ್ದೆ, ಹಾಕಿದೆ. ಚಿತ್ರ ನೋಡಿದ ಹುಡುಗಿಯ ಅಮ್ಮ, "ಕೈಗೆ ಬೂದಿ ಮೆತ್ತಿದ ಹಾಗಿದೆಯಲ್ಲಮ್ಮಾ" ಅಂದರು. ಸರಿಯಾಗೇ ಹೇಳಿದ್ದರು.

ಯಾಕೆ ಹಾಗಾಯಿತು ಅಂತ ಲೆಕ್ಕ ಹಾಕಿ ನೋಡಿ. ಬಣ್ಣದ ಅಂಕಿ 0ಯಿಂದ 255ರವರೆಗೆ ಇರುತ್ತದೆ, ಆ ಚರ್ಮದ ಕೆಂಪು ಅಂಕಿ 150, ದುಪಟ್ಟಾದ್ದು 240 ಅಂದುಕೊಳ್ಳಿ. Multiply ಎರಡನ್ನೂ ಗುಣಿಸಿ 255ರಿಂದ ಭಾಗಿಸುತ್ತದೆ, ಸಿಗುವುದು 141. ಅಂದರೆ ತಿಳಿ ಬಣ್ಣದ ಬಟ್ಟೆ ಹೊದಿಸಿದರೆ ಕೈ ಇನ್ನೂ ಕಪ್ಪಾಯಿತು! Multiply ಯಾವತ್ತೂ ಕೆಳಗಿನದನ್ನು ತಿಳಿಯಾಗಿಸುವುದಿಲ್ಲ. ಆದರೆ ನಿಜವಾದ ನೆಟ್ ಏನು ಮಾಡುತ್ತದೆ? ಅದು ದಾರ ಮತ್ತು ತೂತು. ದಾರ ಇರುವ ಕಡೆ ದಾರದ ಬಣ್ಣ, ತೂತು ಇರುವ ಕಡೆ ಚರ್ಮದ ಬಣ್ಣ. ದೂರದಿಂದ ನೋಡುವಾಗ ಎರಡೂ ಬೆರೆತು ಕಾಣುತ್ತವೆ. ಇದು Normal ಮೋಡ್ ಮಾಡುವ ಕೆಲಸವೇ. ದಾರ ನೂರರಲ್ಲಿ ಮೂವತ್ತು ಭಾಗ ಮುಚ್ಚುತ್ತದೆ ಅಂತ Opacity 30% ಇಟ್ಟರೆ, 150ರ ಎಪ್ಪತ್ತು ಭಾಗ 105, 240ರ ಮೂವತ್ತು ಭಾಗ 72, ಒಟ್ಟು 177. ಕೈ ತಿಳಿಯಾಯಿತು, ಮೇಲೊಂದು ಮಂಜಿನ ಪೊರೆ ಬಂತು. ಅಮ್ಮ ಕೇಳಿದ್ದು ಇದನ್ನೇ.

ಹಾಗಂತ Multiply ದಂಡ ಅಲ್ಲ. ಕಡು ಕೆಂಪು ಶಿಫಾನ್, ಕಪ್ಪು ಜಾರ್ಜೆಟ್ ತರಹದ್ದಕ್ಕೆ ಅದು ಬೇಕು. ಬೆಳಕು ಬಟ್ಟೆ ದಾಟಿ ಚರ್ಮಕ್ಕೆ ಹೋಗಿ, ಮತ್ತೆ ಬಟ್ಟೆ ದಾಟಿ ನಮ್ಮ ಕಣ್ಣಿಗೆ ಬರುತ್ತದೆ, ಹೋಗುವಾಗ ಬರುವಾಗ ಎರಡು ಸಲ ಬಣ್ಣ ಹಿಡಿಯುತ್ತದೆ. ಅಂಥ ಕಡೆ ನಾನು Multiply ಲೇಯರ್ ಒಂದನ್ನು ಕೆಳಗಿಟ್ಟು, ಮೇಲೆ 15-20% ರ Normal ಲೇಯರ್ ಹಾಕುತ್ತೇನೆ. ಮೊದಲನೆಯದು ಬಣ್ಣ ಹಿಡಿಸುತ್ತದೆ, ಎರಡನೆಯದು ಬಟ್ಟೆಯ ಮೈ ತೋರಿಸುತ್ತದೆ.

ಇನ್ನೊಂದು ವಿಷಯ, ಇದು ತುಂಬಾ ಜನ ಎಡವುವ ಜಾಗ: ಬ್ರಶ್‌ನ ಒಪ್ಯಾಸಿಟಿ ಕಮ್ಮಿ ಮಾಡಿ ತೆಳು ಬಟ್ಟೆ ಬಿಡಿಸಬೇಡಿ. ಗೆರೆ ಮೇಲೆ ಗೆರೆ ಬಿದ್ದ ಕಡೆಯೆಲ್ಲ ಪಟ್ಟೆ ಪಟ್ಟೆ ಬರುತ್ತದೆ, ಸುಣ್ಣ ಹೊಡೆದ ಗೋಡೆ ತರಹ. ಬ್ರಶ್ ಪೂರ್ತಿ 100% ಇಟ್ಟು, ಬಟ್ಟೆಯ ಆಕಾರವನ್ನು ಗಟ್ಟಿ ಬಣ್ಣದಲ್ಲಿ ತುಂಬಿ, ಆಮೇಲೆ ಲೇಯರ್‌ನ Opacity ಇಳಿಸಿ. ಮತ್ತೆ, ದುಪಟ್ಟಾ ತನ್ನ ಮೇಲೇ ಮಡಿಚಿಕೊಂಡ ಕಡೆ ಆ ಮಡಿಕೆಗೆ ಬೇರೆ ಲೇಯರ್. ಎರಡೂ 30% ಇದ್ದರೆ ಒಟ್ಟು 60 ಆಗುವುದಿಲ್ಲ, 51 ಆಗುತ್ತದೆ. ಮೂರನೇ ಪದರ ಬಿದ್ದರೆ ಸುಮಾರು 66. ಮೊದಲ ಪದರ ಬಿಟ್ಟ ಎಪ್ಪತ್ತರಲ್ಲೇ ಎರಡನೆಯದು ತನ್ನ ಮೂವತ್ತು ಭಾಗ ತೆಗೆದುಕೊಳ್ಳುತ್ತದೆ, ಅದಕ್ಕೆ. ಕೈಯಿಂದ ಅಂದಾಜು ಬಳಿದರೆ ಈ ಏರಿಕೆ ಸರಿಯಾಗಿ ಬರುವುದಿಲ್ಲ. ಲೇಯರ್‌ಗೆ ಬಿಟ್ಟರೆ ತಾನಾಗಿ ಬರುತ್ತದೆ.

ಮಡಿಕೆಯ ಅಂಚನ್ನು ಮಾತ್ರ ಕೈಯಾರೆ ಹಾಕಬೇಕು. ಒಂದು ದುಪಟ್ಟಾ ತಂದು ನಿಮ್ಮ ಮುಂಗೈ ಮೇಲೆ ಹೊದ್ದು ಟ್ಯೂಬ್‌ಲೈಟ್ ಕೆಳಗೆ ನೋಡಿ. ಕೈ ನಡುವಿನಲ್ಲಿ ಬಟ್ಟೆ ಇಲ್ಲವೇ ಇಲ್ಲ ಅನ್ನಿಸುತ್ತದೆ. ಕೈಯ ಬದಿಗೆ ಹೋದಂತೆ ಬಟ್ಟೆ ನಮ್ಮಿಂದ ತಿರುಗುತ್ತದೆ, ಕಣ್ಣಿಗೆ ಅಡ್ಡ ಬರುವ ದಾರ ಜಾಸ್ತಿಯಾಗುತ್ತದೆ, ಅಲ್ಲಿ ಬಟ್ಟೆ ಗಟ್ಟಿಯಾಗಿ ಕಾಣುತ್ತದೆ. ಹಾಗಾಗಿ ಬಳೆಗಳು ಕೈ ನಡುವಿನಲ್ಲಿ ಸ್ಪಷ್ಟ, ಬದಿಯಲ್ಲಿ ಮಸುಕು. ಇದನ್ನು ತಿರುಗಿಸಿ ಬಿಡಿಸಿದ ಚಿತ್ರಗಳನ್ನು ಎಷ್ಟೋ ನೋಡಿದ್ದೇನೆ, ನಡುವೆ ದಪ್ಪ ಬಿಳಿ, ಅಂಚಿನಲ್ಲಿ ಏನೂ ಇಲ್ಲ. ಪ್ಲಾಸ್ಟಿಕ್ ಕವರ್ ಸುತ್ತಿದ ಹಾಗೆ ಕಾಣುತ್ತದೆ.

ನೆಟ್‌ನ ತೂತುಗಳನ್ನು ಎಲ್ಲ ಕಡೆ ಬಿಡಿಸಲು ಹೋಗಬೇಡಿ. ಅಂಚಿನ ಜರಿ ಹತ್ತಿರ, ಬಳೆಯ ಮೇಲೆ, ಅಷ್ಟು ಸಾಕು. ಉಳಿದ ಕಡೆ ಬರೀ ಬಣ್ಣದ ಪೊರೆ. ಚಿತ್ರ ಚಿಕ್ಕದು ಮಾಡಿ ಫೋನಲ್ಲಿ ಕಳಿಸಿದಾಗ ಸಣ್ಣ ತೂತುಗಳು ಸೇರಿ ಅಲೆ ಅಲೆಯಾಗಿ ಕಾಣಲು ಶುರುವಾಗುತ್ತವೆ.

ಶಿಫಾನ್‌ಗೆ ಇನ್ನೊಂದು ಗುಣ ಇದೆ. ಮೈಗೆ ಅಂಟಿದ ಕಡೆ ಕೆಳಗಿನದು ಸ್ಪಷ್ಟವಾಗಿ ಕಾಣುತ್ತದೆ, ಮೈಯಿಂದ ನಾಲ್ಕು ಬೆರಳು ದೂರ ಜೋತಾಡುವ ಕಡೆ ಮಬ್ಬಾಗುತ್ತದೆ. ಇದಕ್ಕೂ ಕೈ ಮುಟ್ಟಬೇಕಿಲ್ಲ. ಬಟ್ಟೆಯ ಲೇಯರ್‌ಗಳನ್ನು ಮರೆಮಾಡಿ, ಕ್ರಿಟಾದಲ್ಲಿ New Layer From Visible ಒತ್ತಿ, ಹಿನ್ನೆಲೆ ಸಮೇತ ಒಂದು ಪ್ರತಿ ತೆಗೆಯಿರಿ. ಅದಕ್ಕೆ Gaussian Blur ಸ್ವಲ್ಪ ಕೊಟ್ಟು, ಜೋತಾಡುವ ಭಾಗ ಮಾತ್ರ ಉಳಿಯುವಂತೆ ಮಾಸ್ಕ್ ಹಾಕಿ, ಬಟ್ಟೆಯ ಕೆಳಗಿಡಿ. ಕೈಯ ಲೇಯರ್ ಒಂದನ್ನೇ ನಕಲು ಮಾಡಿ ಮಬ್ಬು ಮಾಡಿದರೆ ಆಗಲ್ಲ. ಮಬ್ಬು ಅಂಚಿನ ಕೆಳಗಿಂದ ಹಳೇ ಚೂಪು ಅಂಚು ಇಣುಕುತ್ತದೆ. ನಾನು ಅರ್ಧ ದಿನ ಇದರಲ್ಲಿ ಕಳೆದಿದ್ದೇನೆ.

ದುಪಟ್ಟಾದ ನೆರಳು ಕೈ ಮೇಲೆ ಬೀಳಬೇಕಲ್ವಾ, ಅದಕ್ಕೂ ಪ್ರತ್ಯೇಕ Multiply ಲೇಯರ್, ಕೈಯಾಚೆ ಹರಿಯದ ಹಾಗೆ Inherit Alpha. ಕ್ರಿಟಾದಲ್ಲಿ ಈ ಬಟನ್ ಅದೇ ಗುಂಪಿನಲ್ಲಿ ಕೆಳಗಿರುವ ಎಲ್ಲ ಲೇಯರ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೆಳಗೆ ತುಂಬಿದ ಹಿನ್ನೆಲೆ ಇದ್ದರೆ ನೆರಳು ಎಲ್ಲ ಕಡೆ ಹರಿಯುತ್ತದೆ. ಕೈ ಮತ್ತು ನೆರಳನ್ನು ತಮ್ಮದೇ ಗುಂಪಿನೊಳಗೆ ಹಾಕಿದರೆ ಸರಿಹೋಗುತ್ತದೆ. ಕೈಯ ಗೆರೆಗಳು ಬೇರೆ ಲೇಯರ್‌ನಲ್ಲಿದ್ದರೆ ಅವೂ ಬಟ್ಟೆಯ ಕೆಳಗೇ ಬರಬೇಕು, ಇಲ್ಲದಿದ್ದರೆ ದುಪಟ್ಟಾ ಕೈಯ ಹಿಂದೆ ಹೋದ ಹಾಗಿರುತ್ತದೆ.

ಕೈ ನಿಜವಾಗಿ ಹಾಗೇ ಇದೆಯಾ ಅಂತ ನೋಡುವ ದಾರಿ ಒಂದಿದೆ. ಬಟ್ಟೆ ಶುರು ಮಾಡುವ ಮುಂಚೆ ಕೈಯ ಲೇಯರ್‌ನ ಪ್ರತಿ ಒಂದು ತೆಗೆದಿಡಿ. ಕೊನೆಗೆ ದುಪಟ್ಟಾ, ನೆರಳು, ಉಳಿದ ಎಲ್ಲವನ್ನೂ ಮರೆಮಾಡಿ, ಆ ಪ್ರತಿಯನ್ನು ಕೈಯ ಮೇಲಿಟ್ಟು Difference ಮೋಡ್ ಹಾಕಿ. ಕೈ ಪೂರ್ತಿ ಕಪ್ಪಾಗಿ ಕಂಡರೆ ಒಂದು ಚುಕ್ಕೆಯೂ ಬದಲಾಗಿಲ್ಲ. ಆ ಮದುವೆ ಚಿತ್ರದಲ್ಲಿ ನಾನು ಹೀಗೆ ನೋಡಿದಾಗ ಮಣಿಕಟ್ಟಿನ ಬಳಿ ಸಣ್ಣ ಗುಲಾಬಿ ಗೀರು ಹೊಳೆಯಿತು. ಜರಿ ಅಂಚು ಸವರುವಾಗ ಯಾವಾಗಲೋ ತಪ್ಪು ಲೇಯರ್ ಆರಿಸಿಕೊಂಡಿದ್ದೆ. ಈಗ ಕೈ ಮುಗಿದ ತಕ್ಷಣ ಆ ಲೇಯರ್‌ನ ಬೀಗದ ಚಿಹ್ನೆ ಒತ್ತಿಬಿಡುತ್ತೇನೆ, ದುಪಟ್ಟಾದ ಮಾತು ಅದಾದ ಮೇಲೆ.