ಎರಡು ದಿನಕ್ಕೆ ಒಂದು ತೋಳು

"ಎರಡೇ ದಿನದಲ್ಲಿ ಬ್ಲೌಸ್ ಹೊಲಿಯೋಕೆ ಬರುತ್ತಾ ಮೇಡಂ? ಸುಮ್ನೆ ದುಡ್ಡು ದಂಡ ಆಗಲ್ಲ ತಾನೆ?"

ನನ್ನ ಎರಡು ದಿನದ ಹೊಲಿಗೆ ತರಗತಿಗೆ ಸೇರುವ ಮುಂಚೆ ಕೇಳುವ ಪ್ರಶ್ನೆ ಇದು. ಬ್ಲೌಸ್ ಬರುವುದಿಲ್ಲ. ತೋಳು ಕೂರಿಸುವುದು ಬರುತ್ತದೆ. ನನ್ನ ಅಂಗಡಿಗೆ ರಿಪೇರಿಗೆ ಬರುವ ಬ್ಲೌಸ್‌ಗಳಲ್ಲಿ ಜಾಸ್ತಿ ತಕರಾರು ಅಲ್ಲೇ.

ಮೊದಲ ಸಲ ನಾನೂ ಅತಿಯಾಸೆ ಪಟ್ಟಿದ್ದೆ. 10 ಜನ, 5 ಮಷಿನ್, ಅಳತೆಯಿಂದ ಹುಕ್ಕಿನವರೆಗೆ ಎಲ್ಲವೂ. ಎರಡನೇ ದಿನ ಸಂಜೆಗೆ ಮುಗಿದಿದ್ದು ಮೂರೇ ಬ್ಲೌಸ್. ಅದರಲ್ಲೂ ಒಂದಕ್ಕೆ ಎರಡೂ ಎಡ ತೋಳು! ಈಗ 5 ಜನರನ್ನಷ್ಟೇ ಸೇರಿಸಿಕೊಳ್ಳುತ್ತೇನೆ. ಮೈಭಾಗವನ್ನು ನಾನೇ ಕತ್ತರಿಸಿ, ಭುಜ ಜೋಡಿಸಿ ಕೊಡುತ್ತೇನೆ. ತೋಳು ಅವರ ಪಾಲಿಗೆ.

ಮೊದಲ ದಿನವೆಲ್ಲ ಟೇಪಿನದೇ ಕೆಲಸ. ಮೈಭಾಗದಲ್ಲಿ ತೋಳು ಕೂರುವ ಜಾಗ, ಅಂದರೆ ಆರ್ಮ್‌ಹೋಲ್ ಸುತ್ತು 16 ಇಂಚಿದ್ದರೆ ತೋಳಿನ ಮೇಲಿನ ಬಾಗು ಹದಿನಾರೂವರೆ ಇಟ್ಟುಕೊಳ್ಳುತ್ತೇನೆ. ಆ ಅರ್ಧ ಇಂಚು ಭುಜದ ಮೇಲೆ ಅಡಗಬೇಕು. ಹೊಸಬರು ಬಟ್ಟೆಯ ಅಂಚಿಗೆ ಟೇಪು ಹಿಡಿಯುತ್ತಾರೆ. ಆರ್ಮ್‌ಹೋಲ್ ಒಳಕ್ಕೆ ಬಾಗಿದೆ, ಹಾಗಾಗಿ ಹೊಲಿಗೆಯ ಗೆರೆಗಿಂತ ಅಂಚು ಚಿಕ್ಕದು. ತೋಳು ಹೊರಕ್ಕೆ ಬಾಗಿದೆ, ಅಲ್ಲಿ ಅಂಚೇ ದೊಡ್ಡದು. ತೋಳು ತುಂಬಾ ಜಾಸ್ತಿಯಾಯಿತು ಅಂದುಕೊಂಡು ಕತ್ತರಿಸಿಬಿಡುತ್ತಾರೆ. ಆಮೇಲೆ ಕೈ ಎತ್ತಿದರೆ ಬ್ಲೌಸೇ ಮೇಲೆ ಬರುತ್ತದೆ. ಅದಕ್ಕೇ ಮೊದಲು ಚಾಕಿನಲ್ಲಿ ಹೊಲಿಗೆಯ ಗೆರೆ ಎಳೆಸುತ್ತೇನೆ, ಆ ಗೆರೆಯ ಮೇಲೇ ಅಳೆಸುತ್ತೇನೆ.

ಎರಡನೇ ದಿನದ ಪಾಠವನ್ನು ನನಗೇ ಕಲಿಸಿದ್ದು ಒಬ್ಬ ಹುಡುಗಿ. ಅಳತೆ ಸರಿಯಿದ್ದರೂ ಅವಳ ತೋಳಿನಲ್ಲಿ ಪ್ರತಿ ಸಲ ಪುಟ್ಟ ನೆರಿಗೆ ಬೀಳುತ್ತಿತ್ತು. ಅದೇ ಬಟ್ಟೆ, ಅದೇ ಮಷಿನ್, ನಾನು ಹೊಲಿದರೆ ನೆರಿಗೆಯೇ ಇಲ್ಲ. "ನೀವು ಏನ್ ಮಾಡಿದ್ರಿ ಅಕ್ಕಾ?" ಅಂದಳು. ನನಗೆ ಹೇಳಲು ಬರಲಿಲ್ಲ. 22 ವರ್ಷ ಹೊಲಿದವಳಿಗೆ ಇದೆಂಥ ಅವಮಾನ, ಅಲ್ವಾ? ಅವಳ ಪಕ್ಕ ಕೂತು ನಿಧಾನಕ್ಕೆ ತುಳಿದೆ. ಆಗ ಗೊತ್ತಾಯಿತು. ಅವಳು ತೋಳನ್ನು ಮೇಲಿಟ್ಟು ಹೊಲಿಯುತ್ತಿದ್ದಳು. ನಾನು ಕೆಳಗಿಡುತ್ತಿದ್ದೆ. ಮಷಿನ್ನಿನ ಪಾದದ ಕೆಳಗಿರುವ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಜಾಸ್ತಿ ಒಳಗೆಳೆಯುತ್ತದೆ. ಆ ಅರ್ಧ ಇಂಚನ್ನು ನುಂಗುತ್ತಿದ್ದುದು ಅದೇ. ಈಗ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಮೊದಲೆರಡು ತೋಳಿಗೆ ಮಷಿನ್‌ಗಿಂತ ಮೊದಲು ಕಚ್ಚಾ ಹೊಲಿಗೆ ಹಾಕಿಸುತ್ತೇನೆ, ಮೂರನೆಯದಕ್ಕೆ ಇಲ್ಲ.

ಎಡ-ಬಲ ತಪ್ಪದಿರಲು ಎರಡೂ ತೋಳನ್ನು ಮುಖಕ್ಕೆ ಮುಖ ಕೊಟ್ಟು ಮಡಚಿ, ಮುಂಭಾಗದಲ್ಲಿ ಒಂದು ಸಣ್ಣ ಕಚ್ಚು ಕೊಟ್ಟರೆ ಸಾಕು.

ಶುಲ್ಕ 1,200 ರೂಪಾಯಿ, ಬಟ್ಟೆ ನನ್ನದೇ. ಬರುವಾಗ ತೋಳು ಹಿಡಿಯುವ ಒಂದು ಹಳೇ ಬ್ಲೌಸ್ ತನ್ನಿ. ಎರಡನೇ ದಿನ ಮಧ್ಯಾಹ್ನ ಅದನ್ನೇ ಬಿಚ್ಚಿ ಕೂರಿಸೋಣ. ಒಳಗೆ ಬಟ್ಟೆ ಬಿಟ್ಟಿದ್ದಾರಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಬಿಟ್ಟಿಲ್ಲದಿದ್ದರೆ ನನ್ನಿಂದಲೂ ಆಗದು.