ಐದನೆಯ ಸಾಲಿನ ತಪ್ಪು, ಆರನೆಯ ಸಾಲಿನ ದೂರು

2007ರಲ್ಲಿ ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದಾಗ ನಮ್ಮ ಪ್ರಯೋಗಾಲಯದಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್ ಇತ್ತು. ಮೊದಲ ದಿನವೇ ಮೇಡಂ ಹಲಗೆಯ ಮೇಲೆ ಸಿ ಭಾಷೆಯ ಏಳು ಸಾಲಿನ ಪ್ರೋಗ್ರಾಂ ಬರೆದು, ಇದನ್ನು ಹೀಗೆಯೇ ಟೈಪ್ ಮಾಡಿ ಎಂದರು.

```c
#include <stdio.h>

int main(void)
{
    printf("hello, world\n");
    return 0;
}
```

ಲೆಕ್ಕ ಮಾಡುವ ಯಂತ್ರದಲ್ಲಿ ಲೆಕ್ಕವನ್ನು ಬಿಟ್ಟು ನಮಸ್ಕಾರ ಹೇಳಿಸುವುದೇಕೆ ಎಂದು ಕೇಳಿದೆ. ಅವರು ನನ್ನ ಊರು, ಮನೆ ವಿಚಾರಿಸಿ, "ನಿಮ್ಮ ತೋಟಕ್ಕೆ ಹೊಸ ಪೈಪು ಹಾಕಿದ ದಿನ ಅಪ್ಪ ಮೊದಲು ಏನು ಬಿಡುತ್ತಾರೆ?" ಎಂದರು. "ಬರೇ ನೀರು" ಎಂದೆ. "ಗೊಬ್ಬರ ಬೆರೆಸುವುದು ಆಮೇಲೆ, ಅಲ್ಲವೇ? ಇದೂ ಬರೇ ನೀರು. ಕೊನೆಯ ಗಿಡದವರೆಗೆ ಹೋಗುತ್ತದೆಯೋ ಇಲ್ಲವೋ ನೋಡು."

ಈ ರೂಢಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯದು. ಬ್ರಯಾನ್ ಕರ್ನಿಹ್ಯಾನ್ 1970ರ ದಶಕದ ಆರಂಭದಲ್ಲಿ ಬಿ ಎಂಬ ಭಾಷೆಗೆ ಬರೆದ ಪಾಠದಲ್ಲಿಯೇ ಈ ಎರಡು ಪದಗಳಿವೆ. ಬಿ ಭಾಷೆಯ ಒಂದು ಅಕ್ಷರ ಸ್ಥಿರಾಂಕದಲ್ಲಿ ನಾಲ್ಕು ಅಕ್ಷರಗಳಷ್ಟೇ ಹಿಡಿಯುತ್ತಿದ್ದುದರಿಂದ ಅಲ್ಲಿ ಅವು `hell`, `o, w`, `orld` ಎಂದು ಮೂರು ತುಂಡಾಗಿ ಕುಳಿತಿವೆ. ಮುಂದೆ 1978ರಲ್ಲಿ ಅವರು ಡೆನಿಸ್ ರಿಚಿ ಜೊತೆ ಬರೆದ ಸಿ ಪುಸ್ತಕದಿಂದ ಇದು ಲೋಕಕ್ಕೆಲ್ಲ ಹರಡಿತು. ಕಾರಣವನ್ನೂ ಅವರು ಅಲ್ಲಿಯೇ ಹೇಳಿದ್ದಾರೆ: ಪಠ್ಯವನ್ನು ಎಲ್ಲೋ ಒಂದು ಕಡೆ ಬರೆದಿಡಬೇಕು, ಯಂತ್ರ ಓಡಿಸಬಲ್ಲ ರೂಪಕ್ಕೆ ಕಂಪೈಲ್ ಮಾಡಬೇಕು, ಲೋಡ್ ಮಾಡಿ ಓಡಿಸಬೇಕು, ಫಲಿತಾಂಶ ಎಲ್ಲಿಗೆ ಹೋಯಿತೆಂದು ಕಂಡುಹಿಡಿಯಬೇಕು. ಇಷ್ಟು ದಾಟಿದರೆ ಉಳಿದದ್ದು ಅಷ್ಟು ಕಷ್ಟವಲ್ಲ.

ನಾನು ಅಷ್ಟನ್ನು ದಾಟಲು ಇಡೀ ಎರಡು ಗಂಟೆ ಹಿಡಿಯಿತು. ಕಂಪೈಲ್ ಮಾಡಲು ಮೊದಲ ಸಲ `gcc hello.c` ಎಂದು ಕೊಟ್ಟಾಗ ಆರನೆಯ ಸಾಲಿನಲ್ಲಿ `return` ಪದಕ್ಕೆ ಮುಂಚೆ ಸೆಮಿಕೋಲನ್ ಬೇಕಿತ್ತು ಎಂಬ ದೂರು ಬಂತು. ಆರನೆಯ ಸಾಲನ್ನು ಹಲಗೆಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ, ತಪ್ಪೇ ಇರಲಿಲ್ಲ. ನಾನು ಸೆಮಿಕೋಲನ್ ಮರೆತದ್ದು ಐದನೆಯ ಸಾಲಿನ ಕೊನೆಯಲ್ಲಿ. ಸಾಲು ಮುಗಿದರೂ ಸಿ ಭಾಷೆಯಲ್ಲಿ ವಾಕ್ಯ ಮುಗಿಯುವುದಿಲ್ಲ. ಕಂಪೈಲರ್ ಓದುತ್ತಾ ಮುಂದಕ್ಕೆ ಬಂದು, ಅಲ್ಲಿ ಇರಬಾರದ ಪದ ಎದುರಾದ ಮೇಲೆಯೇ ನಿಲ್ಲುತ್ತದೆ. ದೂರು ಬಂದ ಜಾಗದಿಂದ ಹಿಂದಕ್ಕೆ ನೋಡುತ್ತಾ ಹೋಗಬೇಕೆಂಬುದನ್ನು ನಾನು ಕಲಿತದ್ದು ಆಗ.

ಎರಡನೆಯ ಸಲ `printf` ಬದಲು `prinf` ಎಂದಿತ್ತು. ಈಗ ಸಾಲಿನ ಸಂಖ್ಯೆಯೇ ಇಲ್ಲದ ಬೇರೆ ಬಗೆಯ ದೂರು: `` undefined reference to `prinf' ``. ಮೇಡಂ ಅದನ್ನು ನೋಡಿ ಸಂತೋಷಪಟ್ಟರು. "ಇದು ಕಂಪೈಲರ್‌ನ ಮಾತಲ್ಲ, ಲಿಂಕರ್‌ನದು" ಎಂದರು. `prinf` ಎಂಬುದು ಬೇರೆಲ್ಲೋ ಇರಬಹುದೆಂದು ನಂಬಿ ಆಗಿನ ಕಂಪೈಲರ್ ಮುಂದಕ್ಕೆ ಬಿಟ್ಟಿತ್ತು; ಕಂಪೈಲ್ ಆದದ್ದನ್ನು ಸಿದ್ಧ ಪ್ರೋಗ್ರಾಂ ತುಂಡುಗಳ ಗ್ರಂಥಾಲಯದೊಂದಿಗೆ ಜೋಡಿಸುವ ಲಿಂಕರ್‌ಗೆ ಅಲ್ಲಿ ಅಂಥದ್ದು ಸಿಗಲಿಲ್ಲ. ಈಗಿನ ಜಿಸಿಸಿ ಇದನ್ನು ಕಂಪೈಲ್ ಹಂತದಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಅದು ಒಳ್ಳೆಯದೇ. ಆದರೆ ಆ ಒಂದು ಅಕ್ಷರದ ತಪ್ಪಿನಿಂದ ನನಗೆ ಎರಡು ಹಂತಗಳ ನಡುವಿನ ಗೋಡೆ ಕಣ್ಣಿಗೆ ಕಂಡಿತ್ತು.

ಕೊನೆಗೆ `./a.out` ಕೊಟ್ಟಾಗ ಪರದೆಯ ಮೇಲೆ ಎರಡು ಪದ ಬಂದವು. ಜೊತೆಗಾರ್ತಿ ಕೂಡಲೇ `world` ಅಳಿಸಿ ತನ್ನ ಹೆಸರು ಬರೆದು, ಉಳಿಸಿ, ಮತ್ತೆ `./a.out` ಕೊಟ್ಟಳು. ಬಂದದ್ದು ಹಳೆಯ ನಮಸ್ಕಾರವೇ. ಮೂರು ಸಲ ಕೊಟ್ಟರೂ ಅದೇ. ನಾವು ತಿದ್ದಿದ್ದು `hello.c` ಕಡತವನ್ನು. ಓಡುತ್ತಿದ್ದದ್ದು ಹತ್ತು ನಿಮಿಷದ ಹಿಂದೆ ಅದರಿಂದ ತಯಾರಾದ `a.out`. ಮತ್ತೆ ಕಂಪೈಲ್ ಮಾಡುವವರೆಗೆ ಅದಕ್ಕೆ ನಮ್ಮ ತಿದ್ದುಪಡಿಯ ಸುದ್ದಿಯೇ ಇಲ್ಲ. ದೊಡ್ಡ ಪ್ರೋಗ್ರಾಂನಲ್ಲಿ ಹೀಗಾಗಿದ್ದರೆ ನಮ್ಮ ತರ್ಕವನ್ನೇ ಅನುಮಾನಿಸಿ ಇಡೀ ದಿನ ಕಳೆಯುತ್ತಿದ್ದೆವು. ಇಲ್ಲಿ ತಪ್ಪಲು ತರ್ಕವೇ ಇರಲಿಲ್ಲ. ಹಾಗಾಗಿ ತೊಂದರೆ ದಾರಿಯಲ್ಲಿಯೇ ಇರಬೇಕಿತ್ತು.

ನಾನೀಗ ಸಣ್ಣ ಸರ್ಕ್ಯೂಟ್ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಅವುಗಳಿಗೆ ಪರದೆಯಿಲ್ಲ. ಅಲ್ಲಿ ಮೊದಲ ಪ್ರೋಗ್ರಾಂ ಎಂದರೆ ಒಂದು ಎಲ್‌ಇಡಿಯನ್ನು ಸೆಕೆಂಡಿಗೊಮ್ಮೆ ಹೊತ್ತಿಸಿ ಆರಿಸುವುದು. ಹೊಸ ಬೋರ್ಡು ಮೇಜಿಗೆ ಬಂದಾಗಲೆಲ್ಲ, ಬೇರೆ ಯಾವ ಕೆಲಸಕ್ಕೂ ಮುನ್ನ, ಆ ದೀಪ ಮಿನುಗುವುದನ್ನು ಕಾಯುತ್ತಾ ಕೂರುತ್ತೇನೆ. ಹೊತ್ತದಿದ್ದರೆ ಮೊದಲು ಕೇಬಲ್ ನೋಡುತ್ತೇನೆ, ಆಮೇಲೆ ಕಂಪೈಲರ್‌ಗೆ ಸರಿಯಾದ ಚಿಪ್‌ನ ಹೆಸರು ಕೊಟ್ಟಿದ್ದೇನೆಯೇ ಎಂದು ನೋಡುತ್ತೇನೆ, ಕೊನೆಗೆ ದೀಪ ಯಾವ ಪಿನ್ನಿಗೆ ಸೇರಿದೆ ಎಂದು.