12 ಲಕ್ಷದ ಕಾರ್ ಲೋನ್ ಮನೆ ಸಾಲದಲ್ಲಿ 22 ಲಕ್ಷ ತಿನ್ನುತ್ತದೆ

"ಸರ್, ಇವರು ದೊಡ್ಡ ಕಾರ್ ಅಂತಾರೆ, ನಾನು ಮನೆಗೆ ದುಡ್ಡು ಕೂಡಿಡೋಣ ಅಂತೀನಿ. ನಮ್ಮಿಬ್ಬರಲ್ಲಿ ಯಾರು ಸರಿ, ನೀವೇ ಹೇಳಿ."

ಯಾರು ಸರಿ ಅಂತ ನಾನು ಹೇಳುವುದಿಲ್ಲ. ಗಂಡ ಹೆಂಡತಿ ನಡುವೆ ನನ್ನನ್ನು ಪಂಚಾಯ್ತಿಗೆ ಕೂರಿಸಬೇಡಿ. ಈ ಪ್ರಶ್ನೆ ತರುವವರಲ್ಲಿ ಹೆಚ್ಚಿನವರು ಲೆಕ್ಕ ಮಾಡಿರುವುದಿಲ್ಲ, ಮನೆಯಲ್ಲಿ ಆಡಿದ ಮಾತನ್ನೇ ನನ್ನ ಮುಂದೆ ಇನ್ನೊಮ್ಮೆ ಆಡುತ್ತಾರೆ. ಆ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

"ಅಪ್ಪ ಅಮ್ಮ ಬಂದಾಗ ನೋಡಿದ್ಯಲ್ಲ, ಹಿಂದಿನ ಸೀಟಲ್ಲಿ ನಾಲ್ಕು ಜನ. ಅಪ್ಪಂಗೆ ಮಂಡಿ ಮಡಚೋಕೇ ಆಗಲ್ಲ."

"ಅವರು ಬರೋದು ವರ್ಷಕ್ಕೆ ಎರಡು ಸಲ ಕಣ್ರೀ. ಬಾಡಿಗೆ ಕಟ್ಟೋದು ಹನ್ನೆರಡು ಸಲ."

"ಲೋನ್ ಬರೀ 12 ಲಕ್ಷ. ಮನೆಗೆ ಬೇಕಾಗಿರೋದು 90 ಲಕ್ಷ. ಅದರ ಮುಂದೆ ಇದೇನು ದೊಡ್ಡದು?"

"ನಂಗೊತ್ತಿಲ್ಲ. 18 ಲಕ್ಷ ಕೈಗೆ ಬಂದ ದಿನ ಮನೆ ಬುಕ್ ಮಾಡೋದೇ."

ಇದರಲ್ಲಿ ಎರಡು ತಪ್ಪಿವೆ, ಇಬ್ಬರದೂ ಒಂದೊಂದು. ಮೊದಲು ಗಂಡನ "ಬರೀ 12 ಲಕ್ಷ" ನೋಡೋಣ, ದೊಡ್ಡ ತಪ್ಪು ಅದೇ.

ಬೆಂಗಳೂರಿನ ಒಂದು ಕುಟುಂಬ ಅಂದುಕೊಳ್ಳಿ. ಇಬ್ಬರ ಸಂಬಳ ಸೇರಿ ತಿಂಗಳಿಗೆ ಕೈಗೆ ಬರುವುದು 1,40,000 ರೂಪಾಯಿ. ಬಾಡಿಗೆ 30,000, ಉಳಿತಾಯ 40,000, ಕೂಡಿಟ್ಟಿರುವುದು 12 ಲಕ್ಷ. ಕಣ್ಣಿಟ್ಟಿರುವ ಕಾರಿನ ಶೋರೂಮ್ ಬೆಲೆ 14.5 ಲಕ್ಷ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 17, ಅದರ ಮೇಲೆ ಸೆಸ್. ಅದೊಂದೇ 2.7 ಲಕ್ಷ ದಾಟುತ್ತದೆ. ಇನ್ಶೂರೆನ್ಸ್ ಎಲ್ಲ ಸೇರಿ ರಸ್ತೆಗಿಳಿಯುವ ಹೊತ್ತಿಗೆ ಸುಮಾರು 18 ಲಕ್ಷ. ಹಳೇ ಕಾರಿಗೆ 3 ಲಕ್ಷ ಸಿಕ್ಕಿ, ಉಳಿತಾಯದಿಂದ 3 ಲಕ್ಷ ಹಾಕಿದರೆ ಸಾಲ 12 ಲಕ್ಷ. ಶೇ. 9 ಬಡ್ಡಿ, 7 ವರ್ಷ ಅಂದರೆ ಇಎಂಐ 19,300.

ಈಗ ಮನೆ ಸಾಲ ಕೊಡುವವರು ಏನು ನೋಡುತ್ತಾರೆ ಅಂದರೆ, ನಿಮ್ಮ ಎಲ್ಲ ಇಎಂಐಗಳೂ ಸೇರಿ ಕೈಗೆ ಬರುವ ಸಂಬಳದ ಅರ್ಧ ದಾಟಬಾರದು. ಕೆಲವು ಬ್ಯಾಂಕುಗಳು ಸ್ವಲ್ಪ ಜಾಸ್ತಿಗೂ ಒಪ್ಪುತ್ತವೆ, ಆದರೆ ಅರ್ಧ ಅಂತ ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಅಂದರೆ ಇವರಿಗೆ 70,000. ಶೇ. 8.5 ಬಡ್ಡಿಗೆ 20 ವರ್ಷದ ಸಾಲದಲ್ಲಿ ಪ್ರತಿ ಲಕ್ಷಕ್ಕೆ ಇಎಂಐ 868 ರೂಪಾಯಿ. ಬೇರೆ ಸಾಲ ಇಲ್ಲದಿದ್ದರೆ 80 ಲಕ್ಷದ ತನಕ ಸಿಗುತ್ತದೆ. ಕಾರಿನ 19,300 ಕಳೆದರೆ ಉಳಿಯುವುದು 50,700, ಅದಕ್ಕೆ ಸಿಗುವುದು 58 ಲಕ್ಷ. ಸಾಲ ಮಾಡಿದ್ದು 12 ಲಕ್ಷ, ಮನೆ ಸಾಲದಲ್ಲಿ ಕಡಿತವಾದದ್ದು 22 ಲಕ್ಷ. ಯಾಕೆಂದರೆ ಅದೇ 19,300 ಕಾರಿಗೆ 7 ವರ್ಷ ದುಡಿಯುತ್ತದೆ, ಮನೆಗಾದರೆ 20 ವರ್ಷ ದುಡಿಯುತ್ತಿತ್ತು. "ಬೇಗ ತೀರಿಸ್ತೀನಿ, 5 ವರ್ಷಕ್ಕೇ ತಗೋತೀನಿ" ಅನ್ನುವವರಿಗೆ ಇದು ಇನ್ನೂ ಜೋರಾಗಿ ಹೊಡೆಯುತ್ತದೆ: ಇಎಂಐ 24,900 ಆಗಿ 28 ಲಕ್ಷ ಹೋಗುತ್ತದೆ.

ಇನ್ನು ಹೆಂಡತಿಯ 18 ಲಕ್ಷ. 90 ಲಕ್ಷದ ಮನೆಗೆ 72 ಲಕ್ಷ ಸಾಲ, ಉಳಿದ ಶೇ. 20 ನಮ್ಮದು ಅನ್ನುವುದು ಸರಿಯೇ. ಸಾಲ 30 ಲಕ್ಷದಿಂದ 75 ಲಕ್ಷದ ಒಳಗಿದ್ದರೆ ರಿಸರ್ವ್ ಬ್ಯಾಂಕಿನ ಮಿತಿ ಶೇ. 80. ಆದರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವನ್ನು ಮನೆ ಬೆಲೆಗೆ ಸೇರಿಸಿ ಸಾಲ ಕೊಡುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 6.84 ಲಕ್ಷ. ಇದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಕೈಯಲ್ಲಿರಬೇಕು. ಆದ್ದರಿಂದ 18 ಅಲ್ಲ, 25 ಲಕ್ಷ. ಬುಕಿಂಗ್ ಹಣ ಕೊಟ್ಟ ಮೇಲೆ ಇದು ಗೊತ್ತಾದವರು ಪರ್ಸನಲ್ ಲೋನ್ ಕಡೆ ಓಡುತ್ತಾರೆ. ಆ ಇಎಂಐ ಕೂಡ 70,000ದೊಳಗೇ ಬರುವುದರಿಂದ ಮನೆ ಸಾಲ ಮತ್ತೆ ಕಡಿಮೆಯಾಗುತ್ತದೆ.

ಎರಡನ್ನೂ ಸೇರಿಸಿ ನೋಡಿ. ಕಾರ್ ತಗೊಳ್ಳದೆ ತಿಂಗಳಿಗೆ 40,000 ಆರ್‌ಡಿಗೆ ಕಟ್ಟುತ್ತಾ ಹೋದರೆ, ಅದಕ್ಕೂ ಕೂಡಿಟ್ಟ 12 ಲಕ್ಷಕ್ಕೂ ಶೇ. 6 ಬಡ್ಡಿ ಅಂದುಕೊಂಡರೂ 27 ತಿಂಗಳಿಗೆ ಒಟ್ಟು 25 ಲಕ್ಷ ಆಗುತ್ತದೆ. ಕಾರ್ ತಗೊಂಡರೆ ಕೂಡಿಟ್ಟಿದ್ದು 9 ಲಕ್ಷಕ್ಕೆ ಇಳಿಯುತ್ತದೆ. ಇಎಂಐ ಜೊತೆಗೆ ಪೆಟ್ರೋಲು, ಇನ್ಶೂರೆನ್ಸಿಗೆ ಹೆಚ್ಚುವರಿ 3,000 ಸೇರಿಸಿ, ತಿಂಗಳ ಉಳಿತಾಯ 17,700 ಆಗುತ್ತದೆ. ಅದೇ 27 ತಿಂಗಳಿಗೆ ಕೈಯಲ್ಲಿ 15.4 ಲಕ್ಷ. ಅಷ್ಟರಲ್ಲಿ ಕೊಳ್ಳಲಾಗುವುದು 55 ಲಕ್ಷದ ಆಸುಪಾಸಿನ ಮನೆ, 90 ಲಕ್ಷದ್ದಲ್ಲ. ಒಂದು ಕೋಣೆ ಕಡಿಮೆ, ಅಥವಾ ಆಫೀಸಿನಿಂದ ಇನ್ನೂ ಹದಿನೈದು ಕಿಲೋಮೀಟರ್ ದೂರ.

ಹಾಗಾದರೆ ಕಾರೇ ಬೇಡವಾ ಅಂತ ಗಂಡಂದಿರು ನನ್ನ ಮೇಲೆ ರೇಗುತ್ತಾರೆ. ನಾನು ಹಾಗೆ ಹೇಳಿಲ್ಲ. ಮನೆ ಕೊಳ್ಳುವುದು ಇನ್ನೂ ಎಂಟು ಹತ್ತು ವರ್ಷ ದೂರವಿದ್ದರೆ ಕಾರ್ ಲೋನ್ ಅಷ್ಟರಲ್ಲಿ ತೀರಿರುತ್ತದೆ, ಸಾಲದ ಅರ್ಹತೆಗೆ ಏನೂ ಆಗುವುದಿಲ್ಲ. ಮೂರು ವರ್ಷದೊಳಗೆ ಮನೆ ಬೇಕು ಅನ್ನುವವರಿಗಷ್ಟೇ ಈ ಮಾತು. "ಮನೆ ಲೋನ್ ಹಾಕೋ ಮುಂಚೆ ಕಾರ್ ಲೋನ್ ಕ್ಲೋಸ್ ಮಾಡ್ತೀವಿ" ಅನ್ನುವುದೂ ಸುಲಭವಲ್ಲ. ಕಾರ್ ಲೋನ್ ಸಾಮಾನ್ಯವಾಗಿ ಸ್ಥಿರ ಬಡ್ಡಿಯದ್ದು, ಮುಂಚೆ ತೀರಿಸಿದರೆ ಹೆಚ್ಚಿನ ಕಡೆ ದಂಡವಿದೆ. ತೀರಿಸುವ ದುಡ್ಡೂ ಮನೆಗೆಂದು ಇಟ್ಟಿದ್ದರಿಂದಲೇ ಹೋಗಬೇಕು.

ನನ್ನನ್ನು ಕೇಳಬೇಕಾದದ್ದು ಬೇರೆ: ಸಾಲವಿಲ್ಲದೆ ಅಪ್ಪನ ಮಂಡಿಗೆ ಜಾಗ ಮಾಡುವುದು ಹೇಗೆ? ಇದನ್ನು ಯಾರಾದರೂ ಕೇಳಿದರೆ ಕೂತು ಮಾತಾಡುವಷ್ಟು ಖುಷಿ ನನಗೆ.

ಕಾರಿನಲ್ಲಿ ಐದಕ್ಕಿಂತ ಹೆಚ್ಚು ಜನ ಕೂತ ದಿನಗಳನ್ನು ಕಳೆದ ವರ್ಷದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವರ್ಷಕ್ಕೆ ಆರು ಸಲ ಶಿವಮೊಗ್ಗಕ್ಕೆ ಹೋಗಿಬರುವುದಿದ್ದರೆ ಒಂದು ಸಲಕ್ಕೆ 600 ಕಿಲೋಮೀಟರ್. ಏಳು ಸೀಟಿನ ಬಾಡಿಗೆ ಕಾರಿಗೆ ಕಿಲೋಮೀಟರಿಗೆ 20 ರೂಪಾಯಿ ಹಿಡಿದು, ಡ್ರೈವರ್ ಬಾಟಾ, ಟೋಲ್ ಸೇರಿಸಿದರೆ 14,000. ಆರು ಸಲಕ್ಕೆ 84,000. ಹೊಸ ಕಾರಿನ ಇಎಂಐ ಒಂದೇ ವರ್ಷಕ್ಕೆ 2.3 ಲಕ್ಷ.

ಗುರುತು ಹಾಕಿದ ದಿನಗಳು ವಾರಕ್ಕೊಂದರಂತೆ ಬಂದರೆ ದೊಡ್ಡ ಕಾರ್ ನಿಜಕ್ಕೂ ಬೇಕು. ಆಗ ಹಳೇ ಕಾರಿನ 3 ಲಕ್ಷ, ಉಳಿತಾಯದ 3 ಲಕ್ಷ ಸೇರಿಸಿ 6 ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಕಾರ್ ನೋಡಿ. ಕರ್ನಾಟಕದಲ್ಲೇ ನೋಂದಣಿಯಾದದ್ದಾದರೆ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ. ಇಎಂಐ ಇಲ್ಲ, ಹಾಗಾಗಿ 80 ಲಕ್ಷದ ಅರ್ಹತೆ ಹಾಗೇ ಇರುತ್ತದೆ. ಪೆಟ್ರೋಲು, ಇನ್ಶೂರೆನ್ಸಿನ ಹೆಚ್ಚುವರಿ 3,000 ಕಳೆದು ತಿಂಗಳಿಗೆ 37,000 ಉಳಿಸಿದರೆ, 25 ಲಕ್ಷ ಕೂಡುವುದಕ್ಕೆ 27 ತಿಂಗಳ ಬದಲು ಸುಮಾರು 35 ಆಗುತ್ತದೆ. ಎಂಟು ತಿಂಗಳು ತಡ, ಅಷ್ಟೇ.

ಕೊಳ್ಳುವಾಗ ಆರ್‌ಸಿಯಲ್ಲಿ ಹಳೇ ಸಾಲದ ಬ್ಯಾಂಕಿನ ಹೆಸರು ತೆಗೆಸಿದ್ದಾರಾ ನೋಡಿ. ಮಾಲೀಕತ್ವ ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ನೀವು ಮಾರುವ ಹಳೇ ಕಾರಿನ ನೋ ಕ್ಲೇಮ್ ಬೋನಸ್ ನಿಮ್ಮದೇ, ಕಾರಿನ ಜೊತೆ ಅದನ್ನೂ ಬಿಟ್ಟುಕೊಡಬೇಡಿ.